ಹೈಲೈಟ್ ನೋಡ್ತಾರೆ, ಎನ್‌ಕ್ವೈರಿ ಮಾತ್ರ ಬರಲ್ಲ

ಸೂಜಿದಾರ: ಬಟ್ಟೆ ಚೀಲ ಹೊಲಿದು ಇನ್‌ಸ್ಟಾದಲ್ಲಿ ಮಾರುತ್ತೇನೆ. ಎರಡು ತಿಂಗಳಿಂದ ಸ್ಟೋರಿ ಹಾಕಿ ಹಾಕಿ ಸಾಕಾಗಿದೆ. ಪೋಲ್ ಇದೆ, ಪ್ರಶ್ನೆ ಸ್ಟಿಕರ್ ಇದೆ, ಎಲ್ಲವನ್ನೂ ಹೈಲೈಟ್‌ಗೂ ಸೇರಿಸಿದ್ದೇನೆ. ಒಬ್ಬರೂ ಏನೂ ಕೇಳುತ್ತಿಲ್ಲ.

ಹಣತೆಮನೆ: ಹಾಕುವ ಹೊತ್ತು ಸರಿಯಿಲ್ಲ. ರಾತ್ರಿ ಹಾಕಿ.

ಸೂಜಿದಾರ: ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲ ಆಯಿತು.

ಹಣತೆಮನೆ: ಭಾನುವಾರ ರಾತ್ರಿ ಹಾಕಿದ್ರಾ? ನನಗೆ ಆಗಲೇ ಜಾಸ್ತಿ ಬರುವುದು.

ಕಿಟಕಿಬೆಳಕು: ಫೋಟೊ ಮಂಕಾಗಿರಬೇಕು. ನಾನು ಎರಡು ಸಾಫ್ಟ್‌ಬಾಕ್ಸ್ ತಂದೆ, ಹಿಂದೆ ಬೂದು ಬಟ್ಟೆ ಕಟ್ಟಿದೆ. ಈಗ ನೂಲಿನ ಎಳೆ ಎಳೆಯೂ ಕಾಣುತ್ತದೆ.

ಮೂರನೇಕಣ್ಣು: ಸೂಜಿದಾರ ಅವರೇ, ಸ್ಟೋರಿ ಹಾಕಿದ ದಿನವೂ ಯಾರೂ ಮುಟ್ಟುವುದಿಲ್ಲವೋ, ಹೈಲೈಟ್‌ಗೆ ಹೋದ ಮೇಲಷ್ಟೇ ಹೀಗೋ?

ಸೂಜಿದಾರ: ಮೊದಲ ದಿನ ಯಾವ ಬಣ್ಣ ಇಷ್ಟ ಎಂಬ ಪೋಲ್‌ನಲ್ಲಿ 19 ಜನ ಒತ್ತಿದ್ದರು. ಅದು ಎನ್‌ಕ್ವೈರಿ ಅಲ್ವಲ್ಲ. ಹೈಲೈಟ್‌ನಲ್ಲಿ ಸೊನ್ನೆ.

ಮೂರನೇಕಣ್ಣು: ಅದನ್ನು ಮೊದಲೇ ಹೇಳಬೇಕಿತ್ತು. 24 ಗಂಟೆ ಕಳೆದರೆ ಪೋಲ್, ಪ್ರಶ್ನೆ ಎರಡೂ ಮುಚ್ಚಿಹೋಗುತ್ತವೆ. ಹೈಲೈಟ್‌ನಲ್ಲಿ ಕಾಣುತ್ತವೆ, ಆದರೆ ಉತ್ತರ ಕೊಡಲು ಆಗುವುದಿಲ್ಲ. ಲಿಂಕ್ ಸ್ಟಿಕರ್ ಮಾತ್ರ ಅಲ್ಲೂ ಕೆಲಸ ಮಾಡುತ್ತದೆ. ಅದರಲ್ಲಿ ಇದನ್ನು ಹಾಕಿ, ಕೊನೆಯಲ್ಲಿ ನಿಮ್ಮ ಖಾತೆಯ ಹೆಸರು:

```
ig.me/m/username
```

ಒತ್ತಿದವರಿಗೆ ನಿಮ್ಮ ಜೊತೆಗಿನ ಚಾಟ್ ನೇರವಾಗಿ ತೆರೆದುಕೊಳ್ಳುತ್ತದೆ. ಇನ್ನೊಂದು, ಹೈಲೈಟ್‌ನಲ್ಲಿ ಹಳೆಯದೇ ಮೊದಲು ಬರುತ್ತದೆ. ನಿಮ್ಮದರಲ್ಲಿ ಮೊದಲು ಏನಿದೆ?

ಸೂಜಿದಾರ: ಅಯ್ಯೋ. ಹಸಿರು ಚೀಲ, ಮೇಲೆ 'ಮಾರಾಟವಾಗಿದೆ' ಅಂತ ನಾನೇ ಬರೆದದ್ದು!

ಮೂರನೇಕಣ್ಣು: ಅಂಗಡಿ ಬಾಗಿಲಿಗೇ ಖಾಲಿ ಅಂತ ಬೋರ್ಡ್ ಹಾಕಿದ ಹಾಗಾಯಿತು. ಹೊಸ ಹೈಲೈಟ್ ಮಾಡಿ. ನಾಲ್ಕೇ ಸ್ಟೋರಿ, ಒಂದೇ ಸಲ, ಇದೇ ಕ್ರಮದಲ್ಲಿ ಹಾಕಿ. ಮೊದಲು ಹೆಗಲಿಗೆ ಹಾಕಿಕೊಂಡ ಚೀಲ, ಅಳತೆ ಕಣ್ಣಿಗೇ ಗೊತ್ತಾಗಲಿ. ಆಮೇಲೆ ಒಳಗಿನ ಜೇಬು, ಹೊಲಿಗೆ. ಮೂರನೆಯದರಲ್ಲಿ ಬೆಲೆ ಮತ್ತು ಹೊಲಿಯಲು ಬೇಕಾದ ದಿನ. ಕೊನೆಯದರಲ್ಲಿ 'ಬಣ್ಣ, ಅಳತೆ ಬರೆದು ಕಳಿಸಿ' ಎಂಬ ಸಾಲು, ಕೆಳಗೆ ಲಿಂಕ್. ಸುಮ್ನೆ 'ಸಂಪರ್ಕಿಸಿ' ಅಂದರೆ ಏನು ಬರೆಯಬೇಕೆಂದು ಜನರಿಗೆ ತೋಚುವುದಿಲ್ಲ.

ಆ 19 ಜನರನ್ನೂ ಬಿಡಬಾರದಿತ್ತು. ಪೋಲ್ ಇರುವ ಸ್ಟೋರಿಯನ್ನು ಮೇಲಕ್ಕೆಳೆದರೆ ಯಾರು ಏನು ಒತ್ತಿದರು ಅಂತ ಕಾಣುತ್ತದೆ. ಅದೇ ದಿನ 'ನೀಲಿ ಒತ್ತಿದ್ರಿ, ಲ್ಯಾಪ್‌ಟಾಪ್ ಇಡೋಕಾ?' ಅಂತ ಕೇಳಿ.

ಕಿಟಕಿಬೆಳಕು: ಕೇಳದವರಿಗೆ ಮೆಸೇಜ್ ಮಾಡುವುದು ಕಿರಿಕಿರಿ. ನಾನಾದರೆ ಅನ್‌ಫಾಲೋ ಮಾಡುತ್ತೇನೆ.

ಮೂರನೇಕಣ್ಣು: ಬಣ್ಣ ಆರಿಸಿದವರು ಕೇಳದವರು ಹೇಗಾಗುತ್ತಾರೆ?

ಕಿಟಕಿಬೆಳಕು: ಸುಮ್ಮನೆ ಒತ್ತುವವರೇ ಜಾಸ್ತಿ.

ಸೂಜಿದಾರ: ನಾಲ್ಕು ದಿನ ಆಯಿತು. ಲಿಂಕ್‌ನಿಂದ ಇಬ್ಬರು ಬಂದರು. ಒಬ್ಬರದು ಮೆಸೇಜ್ ರಿಕ್ವೆಸ್ಟ್‌ನಲ್ಲಿ ಎರಡು ದಿನ ಬಿದ್ದಿತ್ತು, ಅಲ್ಲಿ ಹಳೆಯವೂ ಐದು ಸಿಕ್ಕವು! ಎರಡು ತಿಂಗಳ ಹಿಂದೆ ಕೇಳಿದವರಿಗೆ ಈಗ ಉತ್ತರಿಸಬಹುದಾ?

ಹಣತೆಮನೆ: ಉತ್ತರಿಸಿ. ಭಾನುವಾರ ರಾತ್ರಿ.