"ತಿರುಪು ಬೀಗ": ಪದದಿಂದ ಬೀಗದ ವಯಸ್ಸು ತಿಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೇ ಪಾಲುಪಟ್ಟಿಯಲ್ಲಿ, ಹಂಡೆ-ಕೊಪ್ಪರಿಗೆಗಳ ನಡುವೆ, "ಹಿತ್ತಾಳೆ ತಿರುಪು ಬೀಗ 1, ಕೈ ಸಹಿತ" ಎಂದಿದೆ. ಆ ಬೀಗ ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ ನೇತಾಡುತ್ತಿತ್ತು. ಬೀಗದ ಕೈಗೆ ಹಲ್ಲೇ ಇಲ್ಲ, ಬರೀ ಕೊಳವೆ. ತಿರುಪು ಅಂದರೆ ಇಲ್ಲಿ ಏನು? ಆ ಪದದಿಂದ ಕಾಲ ಹೇಳಬಹುದೇ?
– ಸಾಗರದಿಂದ

ತಿರುಪು ಅಂದ್ರೆ ತಿರುಗಿಸುವುದು, ಅಷ್ಟೇ. ಕೈ ಹಾಕಿ ತಿರುಗಿಸುವ ಬೀಗವೆಲ್ಲ ತಿರುಪು ಬೀಗವೇ. ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ತೆಗೆಯುವುದಕ್ಕೆ ಕೀಲಿಕೈ. ಒಳಗೆ ಲಿವರ್, ಅಂದ್ರೆ ಕೈಯ ಹಲ್ಲು ಎತ್ತುವ ಪಟ್ಟಿ, ಇಲ್ಲದಿದ್ದರೆ ಅದು ಬ್ರಿಟಿಷರಿಗಿಂತ ಮುಂಚಿನದು, ಅನುಮಾನವೇ ಬೇಡ.
– ಧಾರವಾಡದಿಂದ

ಅನುಮಾನ ಬೇಕು ಸರ್! ಬೆಂಡೋಲೆಯ ತಿರುಪು ನೆನಪಿಸಿಕೊಳ್ಳಿ. ಇಲ್ಲಿರುವುದು ಅದೇ ತಿರುಪು, ಅಂದರೆ ಸ್ಕ್ರೂ. ಕೊಳವೆಯ ಒಳಗೆ ಸುತ್ತುಗಳಿರುತ್ತವೆ. ಬೀಗದೊಳಗಿನ ಕಡ್ಡಿಗೆ ಅದನ್ನು ತಿರುಗಿಸುತ್ತಾ ಹೋದರೆ ಕಡ್ಡಿ ಸ್ಪ್ರಿಂಗಿಗೆ ಎದುರಾಗಿ ಹಿಂದೆ ಬರುತ್ತದೆ, ಕೊಂಡಿ ಬಿಟ್ಟುಕೊಳ್ಳುತ್ತದೆ.

ಇನ್ನು ವಯಸ್ಸು. ಇಂಗ್ಲೆಂಡಿನಲ್ಲಿ ರಾಬರ್ಟ್ ಬ್ಯಾರನ್ ಎಂಬುವರು ಲಿವರ್ ಬೀಗಕ್ಕೆ ಪೇಟೆಂಟ್ ಪಡೆದದ್ದು 1778ರಲ್ಲಿ. ಹಾಗಾಗಿ ಆ ಬಗೆಯ ಲಿವರ್ ಇದ್ದರೆ ಬೀಗ ಅದಕ್ಕಿಂತ ಹಳೆಯದಲ್ಲ ಎನ್ನಬಹುದು. ಲಿವರ್ ಇಲ್ಲದಿದ್ದರೆ ಏನೂ ಹೇಳಲಾಗದು. ತಿರುಪು ಬೀಗವನ್ನು ಆಮೇಲೂ ಮಾಡುತ್ತಲೇ ಇದ್ದರು, ಈಗಲೂ ಅಂಗಡಿಗೆ ಮಾಡುತ್ತಾರೆ.

ಟಾರ್ಚ್ ಹಿಡಿದು ಸುತ್ತುಗಳನ್ನು ನೋಡಿ. ತಂತಿ ಸುತ್ತಿ ಬೆಸೆದಿದ್ದರೆ ಅಂತರ ಏರುಪೇರಾಗಿರುತ್ತದೆ, ತಂತಿಯ ತುದಿ ಕಾಣುತ್ತದೆ. ಯಂತ್ರದಲ್ಲಿ ಕೊರೆದದ್ದು ಒಂದೇ ಸಮ. ಆದರೆ ತಂತಿ ಕಂಡರೆ ಕೈಕೆಲಸ ಎನ್ನಿ, ಇಸವಿ ಹೇಳಬೇಡಿ. ಬೀಗದ ಮೇಲೆ ಹೂಬಳ್ಳಿಯ ಚಿತ್ತಾರವಿದ್ದರೆ ಅದನ್ನೂ ಉಗುರಿನಿಂದ ಸವರಿ. ಉಳಿಯಿಂದ ಕೆತ್ತಿದ ಗೆರೆಯ ತಳ ಚೂಪು, ಎರಕದಲ್ಲೇ ಬಂದ ಗೆರೆ ಮೊಂಡು. ಬಣ್ಣ ನಂಬಬೇಡಿ, ಔಷಧಿ ಹಚ್ಚಿ ಒಂದೇ ದಿನದಲ್ಲಿ ಕಪ್ಪು ಮಾಡುತ್ತಾರೆ. ಕೊಂಡಿಯ ಒಳಮೈ ಸವೆದಿದೆಯಾ ನೋಡಿ.
– ಮೈಸೂರಿನಿಂದ, ಹಳೇ ಬೀಗ ರಿಪೇರಿ ಮಾಡುವವನು

ನಮ್ಮಲ್ಲಿ ದಿಂಡಿಗಲ್ ಬೀಗವಿದೆ, ಕೈ ಕಳೆದು ಎಂಟು ವರ್ಷ. ಹೊಸದು ಮಾಡಿಕೊಡುವವರು ಯಾರಾದರೂ ಇದ್ದಾರಾ? ಒಬ್ಬರು ಮುಂಗಡ ತಗೊಂಡು ಸುಮ್ನೆ ಓಡಾಡಿಸಿದರು.
– ಬೆಂಗಳೂರಿನಿಂದ

ನೋಡಿದೆ. ತಂತಿಯೇ! ಬಾಯಿಯ ಹತ್ತಿರ ಅದರ ತುದಿ ಮೇಲೆದ್ದಿದೆ. ಮೂರನೇ ಸುತ್ತು ನಾಲ್ಕನೆಯದಕ್ಕೆ ಹೆಚ್ಚುಕಮ್ಮಿ ತಾಗಿಕೊಂಡಿದೆ. ಕೊಂಡಿಯ ಒಳಮೈಯಲ್ಲಿ ಬೆರಳಿಗೆ ಸಿಗುವಷ್ಟು ಹಳ್ಳ. ಪೆಟ್ಟಿಗೆಯದೇ ತಲೆಬಿಸಿ. ಮೈಯೆಲ್ಲ ರಿವೆಟ್, ಆದರೆ ಚಿಲಕದ ಪಟ್ಟಿಯನ್ನು ಕೂಡಿಸಿದ್ದು ಪ್ಲಸ್ ತಲೆಯ ಸ್ಕ್ರೂನಲ್ಲಿ. ಪೆಟ್ಟಿಗೆಯೇ ಹೊಸದಾ?
– ಸಾಗರದಿಂದ

ಪ್ಲಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಿಂದ. ಅದು ಪಟ್ಟಿ ಕೂಡಿಸಿದ ಕಾಲ, ಪೆಟ್ಟಿಗೆಯದಲ್ಲ. ಸ್ಕ್ರೂ ಬಿಚ್ಚಿ, ಅಡಿಯಲ್ಲಿ ಮುಚ್ಚಿದ ಹಳೇ ತೂತುಗಳಿವೆಯೇ ನೋಡಿ. ಇದ್ದರೆ ಪಟ್ಟಿ ಬದಲಾಯಿಸಿದ್ದಾರೆ. ಬೀಗ ಇದೇ ಪೆಟ್ಟಿಗೆಯದು ಅಂತ ಪಾಲುಪಟ್ಟಿಯಲ್ಲಿ ಬರೆದಿದೆಯಾ?
– ಮೈಸೂರಿನಿಂದ

ಇಲ್ಲ, ಅದರಲ್ಲಿ ಪೆಟ್ಟಿಗೆಯ ಸುದ್ದಿಯೇ ಇಲ್ಲ!
– ಸಾಗರದಿಂದ

ತಿರುಪು ಅಂದ್ರೆ ಸ್ಕ್ರೂ, ಒಪ್ಪಿದೆ. ಆದರೆ ನಮ್ಮಜ್ಜಿ ಹಲ್ಲಿನ ಕೈ ಇರುವ ಬೀಗಕ್ಕೂ ತಿರುಪಿನ ಕೀಲಿ ಅಂತಲೇ ಅಂತಿದ್ದಳು. ಅದಕ್ಕೇನಂತೀರಿ?
– ಧಾರವಾಡದಿಂದ