6 ಇಂಚಿನ ಫೋಮ್ ಹಾಸಿಗೆ: ಮಲಗುವಾಗ ಕಲ್ಲು, ಬೆಳಗ್ಗೆ ಗುಂಡಿ. ವಾಪಸ್ ಮಾಡೋದು ಹೇಗೆ?

ನಂದಿತಪ್ಪಲು, ಚಿಕ್ಕಬಳ್ಳಾಪುರ
ಆನ್‌ಲೈನಲ್ಲಿ ಹಾಸಿಗೆ ತರಿಸಿ ತಿಂಗಳ ಮೇಲಾಯ್ತು. 6 ಇಂಚು, ಮೆಮೊರಿ ಫೋಮ್, ‘ಮೀಡಿಯಂ ಫರ್ಮ್’ ಅಂತ ಹಾಕಿದ್ದರು. ರಾತ್ರಿ ಮಲಗುವಾಗ ಗಟ್ಟಿ ಇರುತ್ತದೆ, ಬೆಳಗಿನ ಜಾವಕ್ಕೆ ಸೊಂಟ ಕೆಳಗೆ, ತಲೆ ಕಾಲು ಮೇಲೆ. ಬೆನ್ನು ಹಿಡಿದುಕೊಂಡೇ ಏಳಬೇಕು. 100 ರಾತ್ರಿ ಟ್ರಯಲ್ ಅಂತ ನಂಬಿ ದುಡ್ಡು ಕೊಟ್ಟಿದ್ದು, ಈಗ ಕಸ್ಟಮರ್ ಕೇರಿನವರು ನಿಮ್ಮ ಆರ್ಡರ್‌ಗೆ ಅದು ಬರಲ್ಲ ಅಂತಾರೆ. ಇದೇ ಥರ ಯಾರಿಗಾದರೂ ಆಗಿದೆಯಾ?

ಕೋಲಾರದ ಸುಬ್ಬು
ಡೆನ್ಸಿಟಿ ಎಷ್ಟು? 40 ಇದ್ದರೆ ಗಟ್ಟಿ, 32 ಇದ್ದರೆ ಮೆತ್ತಗೆ, ಅಷ್ಟೇ ಲೆಕ್ಕ. ನಮ್ಮನೇಲಿ 40 ಡೆನ್ಸಿಟಿ, ಎಂಟು ಇಂಚು, ಇವತ್ತಿಗೂ ಅಲುಗಾಡಿಲ್ಲ.

ನಂದಿತಪ್ಪಲು
ಪೇಜಲ್ಲಿ 50 ಡೆನ್ಸಿಟಿ ಅಂತ ಇದೆ. ನಿಮ್ಮ ಲೆಕ್ಕದಲ್ಲಿ ನಂದು ಬಂಡೆ ಥರ ಇರಬೇಕಿತ್ತಲ್ಲ.

ಕೋಲಾರದ ಸುಬ್ಬು
ಹಾಗಾದ್ರೆ ಡೂಪ್ಲಿಕೇಟ್ ಮಾಲು. ಡೆನ್ಸಿಟಿ ನಿಜವಾಗಿದ್ದರೆ ಗುಂಡಿ ಬೀಳೋ ಚಾನ್ಸೇ ಇಲ್ಲ.

ನಾರಿನ ಮನೆ, ತಿಪಟೂರು
ತೆಂಗಿನ ನಾರಿನ ಊರು ಪಕ್ಕದಲ್ಲೇ ಇಟ್ಟುಕೊಂಡು ಫೋಮ್ ಯಾಕ್ರೀ ತರಿಸ್ತೀರ? 4 ಇಂಚಿನ ರಬ್ಬರೈಸ್ಡ್ ಕಾಯರ್ ಹಾಕಿಸಿ. ಬೇಸಿಗೇಲಿ ಬೆವರಲ್ಲ, ಬೆನ್ನು ನೆಟ್ಟಗಿರುತ್ತೆ. ಅಪ್ಪ ಮಲಗೋದು ಅದರ ಮೇಲೇ, ಅವರಿಗೆ ಇವತ್ತಿನವರೆಗೂ ಸೊಂಟ ನೋವು ಗೊತ್ತಿಲ್ಲ.

ಅಂತರಸನಹಳ್ಳಿ ಟೇಪು, ತುಮಕೂರು
ನಾನು ಹಾಸಿಗೆ ಮಾಡೋ ಕೆಲಸದಲ್ಲೇ ಇರುವವನು. ಸುಬ್ಬು ಅವರೇ, ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತೆ ಅನ್ನೋದು ಮಾತ್ರ. ಗಟ್ಟಿ, ಮೆತ್ತಗೆ ಅನ್ನೋದು ಬೇರೆ. 40ರಲ್ಲಿ ಮೆತ್ತಗಿರೋ ಫೋಮೂ ಬರುತ್ತೆ, ಗಟ್ಟಿ ಫೋಮೂ ಬರುತ್ತೆ. ಡೆನ್ಸಿಟಿ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ, ಅಷ್ಟು ಹೇಳಬಹುದು.
ನಂದಿತಪ್ಪಲು, ರಾತ್ರಿ ಗಟ್ಟಿ ಆಮೇಲೆ ಮೆತ್ತಗೆ ಆಗೋದು ಮೆಮೊರಿ ಫೋಮಿನ ಗುಣ. ಚಳಿಗೆ ಬಿಗಿಯುತ್ತೆ, ಮೈ ಶಾಖಕ್ಕೆ ಸಡಿಲ ಆಗುತ್ತೆ. ನಿಮ್ಮೂರಿನ ಈ ಚಳೀಲಿ ಅದು ಎದ್ದು ಕಾಣುತ್ತೆ. ಆದರೆ ಮೇಲಿನ ಪದರ ಒಂದರಿಂದ ಅಷ್ಟು ಗುಂಡಿ ಬೀಳಲ್ಲ. ನೀವು ಹೇಳದೇ ಇರೋದು ಬಹಳ ಇದೆ. ಮಂಚ ಎಂಥದ್ದು? ಅಳತೆ ಎಷ್ಟು? ಆ 6 ಇಂಚಲ್ಲಿ ಮೆಮೊರಿ ಎಷ್ಟು, ಅದರ ಕೆಳಗೆ ಏನಿದೆ? ನಿಮ್ಮ ತೂಕ ಎಷ್ಟು?

ನಂದಿತಪ್ಪಲು
ತೂಕ 84. ಮಂಚ ಬಡಗಿ ಹತ್ತಿರ ಮಾಡಿಸಿದ್ದು, ಅಡ್ಡಕ್ಕೆ ಮರದ ಪಟ್ಟಿ, ಪಟ್ಟಿ ಪಟ್ಟಿ ನಡುವೆ ಒಂದು ಗೇಣಿನ ಹತ್ತಿರ ಸಂದು ಇದೆ. ಹಾಸಿಗೆ 75 ಇಂಚು ಉದ್ದ, 60 ಅಗಲ. ಕ್ವೀನ್ ಅಂದರೆ ಎಲ್ಲರೂ 78 ಕೊಡ್ತಾರೆ, ನಮ್ಮ ಮಂಚಕ್ಕೆ ಮೂರು ಇಂಚು ಹೊರಗೆ ಬರುತ್ತಿತ್ತು, ಅದಕ್ಕೆ ಅಳತೆ ಹೇಳಿ ಮಾಡಿಸಿದೆ. ಪದರದ ಚಿತ್ರದಲ್ಲಿ ಮೇಲೆ 1 ಇಂಚು ಮೆಮೊರಿ, ಕೆಳಗೆ ಐದು ಇಂಚಿಗೆ ‘ಸಪೋರ್ಟ್ ಫೋಮ್’ ಅಂತ ಮಾತ್ರ ಇದೆ.

ಅಂತರಸನಹಳ್ಳಿ ಟೇಪು
ಟ್ರಯಲ್ ಯಾಕೆ ಬರಲ್ಲ ಅನ್ನೋದು ಇಲ್ಲೇ ಇದೆ. ಕಸ್ಟಮ್ ಅಳತೆ ಕತ್ತರಿಸಿದ ಮೇಲೆ ಅವರು ಇನ್ನೊಬ್ಬರಿಗೆ ಮಾರೋಕಾಗಲ್ಲ. ಅದಕ್ಕೇ ಸಾಮಾನ್ಯವಾಗಿ ಷರತ್ತಿನಲ್ಲೇ ಅದನ್ನು ಹೊರಗಿಟ್ಟಿರ್ತಾರೆ. ಆರ್ಡರ್ ಹಾಕಿದ ದಿನದ ಷರತ್ತಿನ ಸ್ಕ್ರೀನ್‌ಶಾಟ್, ಬಂದ ಮೇಲ್ ಎಲ್ಲ ತೆಗೆದಿಟ್ಟುಕೊಳ್ಳಿ.
ಈಗ ಎರಡು ಕೆಲಸ. ಹಾಸಿಗೆ ನೆಲಕ್ಕೆ ಹಾಕಿ ಮೂರ್ನಾಲ್ಕು ರಾತ್ರಿ ಮಲಗಿ. ಸರಿಹೋದರೆ ತಪ್ಪು ಮಂಚದ್ದು. ಆಮೇಲೆ ಯಾವುದಾದರೂ ಅಂಗಡಿ ತಕ್ಕಡಿಗೆ ಹಾಕಿ ತೂಕ ನೋಡಿ. ಇದನ್ನ ಯಾರೂ ಮಾಡಲ್ಲ.

ಗೌರಿಬಿದನೂರು ಅಕ್ಕ
ನನಗೂ ಹೀಗೇ ಕುತ್ತಿಗೆ ಹಿಡಿಯುತ್ತಿತ್ತು. ದಿಂಬು ಬದಲಾಯಿಸಿದೆ, ಬೂರುಗದ ಹತ್ತಿ ತುಂಬಿಸಿದ್ದು, ಎತ್ತರ ಬೇಕಾದಷ್ಟು ತೆಗೆಯಬಹುದು ಹಾಕಬಹುದು. ಒಂದ್ಸಲ ನೋಡಿ.

ನಾರಿನ ಮನೆ
ಅಕ್ಕಾ, ಅವರು ಸೊಂಟ ಅಂತಿದ್ದಾರೆ. ಕಾಯರ್‌ಗೆ ತಕ್ಕಡಿ ಗಿಕ್ಕಡಿ ಬೇಕಾಗಿಲ್ಲ, ನಾರು ಕಣ್ಣಿಗೇ ಕಾಣುತ್ತೆ.

ಅಂತರಸನಹಳ್ಳಿ ಟೇಪು
ಕಾಯರ್ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಒಂದೇ ಕಡೆ ಮಲಗಿ ಮಲಗಿ ನಾರು ಮುರಿದು ಪುಡಿ ಉದುರೋಕೆ ಶುರುವಾದರೆ ಮತ್ತೆ ಮೇಲೇಳಲ್ಲ. ಅದಕ್ಕೂ ಪಟ್ಟಿ ಮಂಚ ಒಗ್ಗಲ್ಲ.

ನಂದಿತಪ್ಪಲು
ನೆಲದ ಮೇಲೆ ಸ್ವಲ್ಪ ವಾಸಿ, ಆದರೂ ಸೊಂಟದ ಹತ್ತಿರ ಇಳಿಯುತ್ತೆ. ಪಕ್ಕದ ಪಶು ಆಹಾರದ ಅಂಗಡೀಲಿ ತೂಗಿದೆ. ಹಾಸಿಗೆ ಸುತ್ತಿ ಹಗ್ಗ ಕಟ್ಟಿ ತಕ್ಕಡಿ ಮೇಲೆ ನಿಲ್ಲಿಸಿದರೆ ವಾಲುತ್ತಿತ್ತು, ಇಬ್ಬರು ಹುಡುಗರು ಹಿಡಿದು ಕೈ ಬಿಟ್ಟು ಹಿಡಿದು ಕೈ ಬಿಟ್ಟು ಓದಿದರು. 13.5 ಕಿಲೋ, ಕವರ್ ಸೇರಿ. ಅಂಗಡಿಯವರು ಇದೇನು ಸಾರ್ ಬೂಸಾ ಮೂಟೆಗಿಂತ ಹಗುರ ಅಂದರು.

ಅಂತರಸನಹಳ್ಳಿ ಟೇಪು
ಹಗುರಾನೇ. ಲೆಕ್ಕ ನೋಡಿ. 75, 60, 6 ಇಂಚು ಸೇರಿ ಸುಮಾರು 0.44 ಘನ ಮೀಟರ್. ಪೂರ್ತಿ 50 ಡೆನ್ಸಿಟಿ ಆಗಿದ್ದರೆ ಫೋಮೇ 22 ಕಿಲೋ ಬರಬೇಕಿತ್ತು. ಕವರ್‌ಗೆ ಅಂದಾಜು ಒಂದೂವರೆ ಕಿಲೋ ಬಿಡಿ, ಉಳಿದದ್ದು 12. ಮೇಲಿನ ಒಂದು ಇಂಚು ಮೆಮೊರಿ ನಿಜವಾಗಿ 50 ಅಂತ ಇಟ್ಟುಕೊಂಡರೆ ಅದೇ 3.7 ಕಿಲೋ ತಿಂತು. ಕೆಳಗಿನ ಐದು ಇಂಚಿಗೆ ಉಳಿಯೋದು ಎಂಟು ಕಿಲೋ ಚಿಲ್ಲರೆ, ಅಂದರೆ 22, 23 ಡೆನ್ಸಿಟಿ. ಅಷ್ಟು ಹಗುರದ್ದನ್ನ ಸೋಫಾದ ಬೆನ್ನಿಗೆ ಹಾಕ್ತೀವಿ. 84 ಕಿಲೋ ಆಸಾಮಿ ದಿನಾ ಮಲಗೋಕೆ ಸಾಲಲ್ಲ. ಪೇಜಲ್ಲಿ ಬರೆದ 50 ಆ ಒಂದು ಇಂಚಿನದ್ದು.

ಕೋಲಾರದ ಸುಬ್ಬು
ನಾನು ಮೊದಲೇ ಡೆನ್ಸಿಟಿ ಅಂದೆ ತಾನೇ.

ಅಂತರಸನಹಳ್ಳಿ ಟೇಪು
ನೀವು ಡೂಪ್ಲಿಕೇಟ್ ಅಂದ್ರಿ. ಇದು ಡೂಪ್ಲಿಕೇಟ್ ಅಲ್ಲ, ಅರ್ಧ ಹೇಳಿ ಅರ್ಧ ಬಿಟ್ಟಿದ್ದು.

ನಂದಿತಪ್ಪಲು
10 ವರ್ಷ ವಾರಂಟಿ ಇದೆಯಲ್ಲ, ಅದರಲ್ಲಿ ಕೇಳಬಹುದಾ?

ಅಂತರಸನಹಳ್ಳಿ ಟೇಪು
ವಾರಂಟಿ ಅಂದರೆ ಮೇಲೆ ಯಾರೂ ಮಲಗದೇ ಇದ್ದಾಗ ಉಳಿಯೋ ಗುಂಡಿಗೆ. ಸಾಮಾನ್ಯವಾಗಿ ಒಂದು ಇಂಚಿಗಿಂತ ಜಾಸ್ತಿ ಇರಬೇಕು ಅಂತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಬಿಗಿಯಾಗಿ ಎಳೆದು, ಸೊಂಟದ ಜಾಗದಲ್ಲಿ ಸ್ಕೇಲ್ ನಿಲ್ಲಿಸಿ ಫೋಟೋ ತೆಗೀರಿ. ಮಲಗಿದಾಗ ಇಳಿಯುತ್ತೆ ಅನ್ನೋದು ಅವರ ಲೆಕ್ಕದಲ್ಲಿ ಗುಂಡಿ ಅಲ್ಲ. ಮಂಚದ ಪಟ್ಟಿ ಸಂದು ತೋರಿಸಿದರೆ ಅದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕ್ತಾರೆ. ಮೂರು ಇಂಚಿಗಿಂತ ಜಾಸ್ತಿ ಸಂದು ಇರಬಾರದು. ಪಟ್ಟಿ ಮೇಲೆ 12 ಎಂಎಂ ಪ್ಲೈವುಡ್ ಹಾಕಿಸಿ, ಗಾಳಿಗೆ ಅಲ್ಲಲ್ಲಿ ತೂತು ಕೊರೆಸಿ. ಅದರಿಂದ ಸಂದಿನ ಸಮಸ್ಯೆ ಹೋಗುತ್ತೆ, ಫೋಮಿನದ್ದು ಹೋಗಲ್ಲ.

ನಂದಿತಪ್ಪಲು
ದಾರ ಹಿಡಿದು ನೋಡಿದೆ. ಅರ್ಧ ಇಂಚು ಬರುತ್ತೆ. ಹಾಗಾದ್ರೆ ವಾರಂಟೀನೂ ಇಲ್ಲ, ಟ್ರಯಲ್ಲೂ ಇಲ್ಲ. ಜಿಪ್ ಬಿಚ್ಚಿ ಒಳಗಿನ ಫೋಮ್ ಬದಲಾಯಿಸೋಕೆ ಆಗುತ್ತಾ?

ಅಂತರಸನಹಳ್ಳಿ ಟೇಪು
ಈಗ ಬಿಚ್ಚಬೇಡಿ, ಬಿಚ್ಚಿದರೆ ಇರೋ ವಾರಂಟೀನೂ ಹೋಯ್ತು. ಮೊದಲು ತೂಕದ ಫೋಟೋ, ಪೇಜಿನ ಸ್ಕ್ರೀನ್‌ಶಾಟ್ ಇಟ್ಟು, 50 ಡೆನ್ಸಿಟಿ ಅಂತ ಹಾಕಿದ್ದೀರ, ಕೆಳಗಿನ ಪದರದ್ದು ಎಷ್ಟು ಅಂತ ಮೇಲಲ್ಲೇ ಕೇಳಿ. ಫೋನಲ್ಲಿ ಬೇಡ. ‘ಆರಾಮ ಇಲ್ಲ’ ಅಂದರೆ ಟ್ರಯಲ್ ಮಾತಾಗುತ್ತೆ, ‘ಹೇಳಿದ್ದು ಬೇರೆ ಕೊಟ್ಟಿದ್ದು ಬೇರೆ’ ಅಂದರೆ ಗ್ರಾಹಕರ ದೂರಾಗುತ್ತೆ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಗೆಲ್ತೀರಾ ಅಂತ ನಾನು ಹೇಳಲ್ಲ, ಚಿತ್ರದಲ್ಲಿ ಪದರ ತೋರಿಸಿದ್ದೀವಲ್ಲ ಅಂತ ಅವರು ವಾದ ಮಾಡಬಹುದು. ಅದೆಲ್ಲ ಮುಗಿದ ಮೇಲೆ ಬಿಚ್ಚೋಣ. ಮೆಮೊರಿ ಪದರ ಅಂಟು ಹಾಕಿರ್ತಾರೆ, ಕುಯ್ದು ತೆಗೆದು ಕೆಳಗೆ ನಾಲ್ಕು ಇಂಚು ರೀಬಾಂಡೆಡ್, ಅದರ ಮೇಲೆ ಒಂದು ಇಂಚು 40ರ ಫೋಮ್ ಕೂರಿಸಿ, ಆ ಮೆಮೊರಿ ಪದರ ಮತ್ತೆ ಮೇಲೆ ಹಾಕಿದರೆ ಅದೇ ಕವರ್ ಒಳಗೆ ಹಿಡಿಯುತ್ತೆ.

ಕೋಲಾರದ ಸುಬ್ಬು
ರೀಬಾಂಡೆಡ್ ಅಂದರೆ ಚೂರು ಫೋಮ್ ಒತ್ತಿದ್ದು ಅಲ್ವಾ, ಅದಕ್ಕೆ ದುಡ್ಡು ಕೊಡ್ತಾರಾ ಯಾರಾದರೂ?

ಅಂತರಸನಹಳ್ಳಿ ಟೇಪು
ನಿಮ್ಮ ಎಂಟು ಇಂಚಿನದ್ದನ್ನೂ ಒಂದ್ಸಲ ತಕ್ಕಡಿಗೆ ಹಾಕಿ ಬನ್ನಿ, ಆಮೇಲೆ ಮಾತಾಡೋಣ.

ಗೌರಿಬಿದನೂರು ಅಕ್ಕ
ದಿಂಬಿಗೂ ಈ ತೂಕದ ಲೆಕ್ಕ ನಡೆಯುತ್ತಾ? ಬೂರುಗದ ಹತ್ತಿ ಅಂತ ಹೇಳಿ ಬೇರೆ ಏನೋ ತುಂಬಿ ಕೊಟ್ಟಿದ್ದಾರೆ ಅಂತ ನನಗೀಗ ಅನುಮಾನ.

ನಂದಿತಪ್ಪಲು
ಮೇಲ್ ಕಳಿಸಿದ್ದೇನೆ. ಮಂಚದ ಫೋಟೋ ಕಳಿಸಿ ಅಂತ ಉತ್ತರ ಬಂದಿದೆ. ತೂಕದ ಬಗ್ಗೆ ಒಂದು ಮಾತೂ ಇಲ್ಲ.