ಅಪ್ಪನ ಹೆಸರಿನ ಲೈಸೆನ್ಸು, ಮಂಜುವಿನ ಸಾಲ

ಮನೆ ಗುಂಪು, ಏಪ್ರಿಲ್ 6, 2025, ಭಾನುವಾರ

ಮಂಜು: ಎಲ್ಲರಿಗೂ ರಾಮನವಮಿ ಶುಭಾಶಯ. ನಾಳೆ ಬ್ಯಾಂಕಿಗೆ ಅಂಗಡಿಯ ಲೈಸೆನ್ಸ್ ಕಾಗದ ಎಲ್ಲಾ ಕೊಡಬೇಕು, ಕ್ಯಾಶ್ ಕ್ರೆಡಿಟ್ ಸಾಲಕ್ಕೆ. ಮೇಲೆ ಇಡುವ ಪತ್ರ ಬರೆದಿದ್ದೇನೆ. ಒಮ್ಮೆ ನೋಡಿ ಹೇಳಿ.

"ಮಾನ್ಯರೇ, ನಮ್ಮ ತಂದೆಯವರು 1991ರಲ್ಲಿ ದಾವಣಗೆರೆಯಲ್ಲಿ ಸಣ್ಣದೊಂದು ಸ್ಟೇಷನರಿ ಅಂಗಡಿ ತೆರೆದು, ಹಗಲಿರುಳು ದುಡಿದು ಹೆಸರು ಗಳಿಸಿದರು. ಅವರ ಆಶೀರ್ವಾದದಿಂದ ನಾನು ಮುಂದುವರಿಸುತ್ತಿದ್ದೇನೆ. ಶಾಲೆ ಶುರುವಾಗುವ ಮೊದಲು ಸರಕು ತುಂಬಲು 15 ಲಕ್ಷ ರೂಪಾಯಿ ವರ್ಕಿಂಗ್ ಕ್ಯಾಪಿಟಲ್ ಸಾಲ ಬೇಕಾಗಿದೆ. ಬೇಕಾದ ಎಲ್ಲಾ ದಾಖಲೆಗಳನ್ನು ಲಗತ್ತಿಸಿದ್ದೇನೆ. ಕುಟುಂಬದವರೆಲ್ಲರ ಒಪ್ಪಿಗೆಯೂ ಇದೆ. ದಯಮಾಡಿ ಮಂಜೂರು ಮಾಡಬೇಕಾಗಿ ವಿನಂತಿ."

ಗೀತಾ ಚಿಕ್ಕಮ್ಮ: ತುಂಬಾ ಚೆನ್ನಾಗಿದೆ ಮಂಜು. ಭಾವನವರ ನೆನಪಾಗಿ ಕಣ್ಣಲ್ಲಿ ನೀರು ಬಂತು 🙏

ವಿನಯ್: ಸೂಪರ್ ಮಂಜಣ್ಣ. ಹೀಗೇ ಕೊಡು.

ರಾಜಣ್ಣ ಮಾಮ: ಕೊಡಬೇಡ. ಮಂಜು, "ಎಲ್ಲಾ ದಾಖಲೆ" ಅಂದರೆ ಯಾವುದು? ಟ್ರೇಡ್ ಲೈಸೆನ್ಸ್ ಯಾರ ಹೆಸರಿನಲ್ಲಿದೆ?

ಮಂಜು: ಅದು ಅಪ್ಪನ ಹೆಸರಲ್ಲೇ ಇದೆ ಮಾಮ. ಪ್ರತಿ ವರ್ಷ ಪಾಲಿಕೆಗೆ ಫೀಸ್ ಕಟ್ಟುತ್ತೇನೆ, ನವೀಕರಣ ಆಗುತ್ತದೆ. ಯಾರೂ ಕೇಳಲಿಲ್ಲ. ಜಿಎಸ್‌ಟಿ, ಉದ್ಯಮ್, ಬಾಡಿಗೆ ಕರಾರು ಮಾತ್ರ ನನ್ನ ಹೆಸರಲ್ಲಿವೆ.

ರಾಜಣ್ಣ ಮಾಮ: ಭಾವ ಹೋಗಿದ್ದು 2023ರಲ್ಲಿ. ಅಂದರೆ ಸಾಲ ಕೇಳುವವನು ನೀನು, ವ್ಯಾಪಾರ ಮಾಡಲು ಅನುಮತಿ ಇರುವುದು ತೀರಿಕೊಂಡವರಿಗೆ. ನಿನ್ನ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ವಿನಯ್: ಮಾಮ, ನಮ್ಮ ಹುಳುಕು ನಾವೇ ಯಾಕೆ ಬರೆದು ಕೊಡಬೇಕು? ಕೇಳಿದರೆ ಹೇಳಿದರಾಯಿತು. ಮ್ಯಾನೇಜರ್‌ಗೆ ಮಂಜಣ್ಣ ಚೆನ್ನಾಗಿ ಗೊತ್ತು, ಅವರ ಮಕ್ಕಳ ಪುಸ್ತಕವೂ ನಮ್ಮ ಅಂಗಡಿಯದ್ದೇ.

ರಾಜಣ್ಣ ಮಾಮ: ಮ್ಯಾನೇಜರ್‌ಗೆ ಗೊತ್ತು, ಸರಿ. ಆದರೆ ಈಗ ಎಷ್ಟೋ ಬ್ಯಾಂಕ್‌ಗಳಲ್ಲಿ ಫೈಲು ಶಾಖೆಯಲ್ಲೇ ಉಳಿಯುವುದಿಲ್ಲ. ಪ್ರೊಸೆಸಿಂಗ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಕೂತವನು ಮಂಜುವಿನ ಮುಖ ನೋಡಿಲ್ಲ, ಅಂಗಡಿ ನೋಡಿಲ್ಲ. ಅವನ ಮುಂದೆ ಇರುವುದು ಕಾಗದ ಮಾತ್ರ. ಲೈಸೆನ್ಸ್‌ನಲ್ಲಿ ಒಂದು ಹೆಸರು, ಜಿಎಸ್‌ಟಿಯಲ್ಲಿ ಇನ್ನೊಂದು ಅಂತ ಕಂಡ ಕೂಡಲೇ "ವಿವರಣೆ ಕೇಳಿ" ಎಂದು ಬರೆದು ವಾಪಸ್ ಕಳಿಸುತ್ತಾನೆ. ಶಾಖೆಯಿಂದ ನಿನಗೆ ಫೋನ್ ಬರುವುದು ಅದಾದ ಮೇಲೆ, ಯಾರಿಗಾದರೂ ಬಿಡುವಾದಾಗ. ಮೂವತ್ತು ವರ್ಷ ಇದನ್ನೇ ನೋಡಿದ್ದೇನಪ್ಪ.

ವಿನಯ್: ಬರೆದರೆ ನೇರವಾಗಿ ರಿಜೆಕ್ಟ್ ಮಾಡಿದರೆ?

ರಾಜಣ್ಣ ಮಾಮ: ಮಾಡಬಹುದು. "ಮೊದಲು ಹೆಸರು ಬದಲಿಸಿಕೊಂಡು ಬಾ" ಎನ್ನುವ ಶಾಖೆಗಳೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಏಪ್ರಿಲ್‌ನಲ್ಲೇ ಗೊತ್ತಾಗುತ್ತದೆ. ಮುಚ್ಚಿಟ್ಟರೆ ಜೂನ್‌ನಲ್ಲಿ ಗೊತ್ತಾಗುತ್ತದೆ. ಆಗ ಸಾಲ ಬಂದು ಏನು ಉಪಯೋಗ? ನೋಟ್‌ಬುಕ್ ಮಾರುವ ಕಾಲ ಮುಗಿದಿರುತ್ತದೆ. ಇನ್ನೊಂದು, ಸಾಲ ಕೊಡುವ ಮೊದಲು ಅಂಗಡಿ ನೋಡಲು ಬರುತ್ತಾರೆ. ಲೈಸೆನ್ಸ್ ಗೋಡೆಗೆ ತೂಗುಹಾಕಿದ್ದೀಯಲ್ಲ, ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಮಂಜು: ಮಾಮ, ಟೈಪಿಂಗ್ ಅಂಗಡಿಯವನು ಒಂದು ಉಪಾಯ ಹೇಳಿದ. "ಎರಡು ಹೆಸರಿಗೂ ಒಂದು ಅಫಿಡವಿಟ್ ಮಾಡಿಸಿಬಿಡಿ, ಐನೂರು ರೂಪಾಯಿ" ಅಂದ.

ಸುಧಾ: ಅಯ್ಯೋ, ಅದು ಬೇರೆ. ನಾನು ಆಡಿಟರ್ ಆಫೀಸಿನಲ್ಲಿ ದಿನಾ ನೋಡುತ್ತೇನೆ. ಆಧಾರ್‌ನಲ್ಲಿ ಮಂಜುನಾಥ, ಪ್ಯಾನ್‌ನಲ್ಲಿ ಮಂಜುನಾಥ್ ಅಂತ ಇದ್ದರೆ "ಇಬ್ಬರೂ ಒಬ್ಬನೇ" ಎಂದು ಅಫಿಡವಿಟ್ ಕೊಡಬಹುದು. ಅಪ್ಪ ಮತ್ತು ನೀನು ಒಬ್ಬನೇ ಅಂತ ಪ್ರಮಾಣ ಮಾಡುತ್ತೀಯಾ?

ಮಂಜು: 😅

ಸುಧಾ: ಜಿಎಸ್‌ಟಿಗೂ ಅದೇ ಕಾರಣ. ಒಬ್ಬರೇ ಮಾಲೀಕರಾದ ಅಂಗಡಿಯ ಜಿಎಸ್‌ಟಿ ನಂಬರ್ ಅವರ ಪ್ಯಾನ್‌ಗೆ ಅಂಟಿಕೊಂಡಿರುತ್ತದೆ. ಅಪ್ಪ ಹೋದ ಮೇಲೆ ಆ ನಂಬರ್ ನಿನಗೆ ಬರುವುದಿಲ್ಲ, ಹೊಸದು ತೆಗೆದುಕೊಳ್ಳಲೇಬೇಕಿತ್ತು. ಹಾಗಾಗಿ ಕಾಗದದಲ್ಲಿ ನಿನ್ನ ವ್ಯಾಪಾರಕ್ಕೆ ಎರಡು ವರ್ಷವೂ ತುಂಬಿಲ್ಲ.

ರಾಜಣ್ಣ ಮಾಮ: ಅದಕ್ಕೇ ಹೇಳುವುದು, ಅಪ್ಪನ ಲೈಸೆನ್ಸ್ ಬಚ್ಚಿಡಬೇಡ ಅಂತ. ಅದನ್ನು ಎದುರಿಗೆ ಇಟ್ಟು ವಿವರಿಸಿದರೆ, 1991ರಿಂದ ಅದೇ ಜಾಗದಲ್ಲಿ ಅದೇ ವ್ಯಾಪಾರ ನಡೆದಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಹಳೆಯ ಲೈಸೆನ್ಸ್ ಒಂದಾದರೂ ಟ್ರಂಕಿನಲ್ಲಿ ಸಿಗುತ್ತದಾ ನೋಡು. ಬಚ್ಚಿಟ್ಟರೆ ನೀನು 2023ರಲ್ಲಿ ಶುರು ಮಾಡಿದ ಹೊಸ ಅಂಗಡಿಯವನು, ಅಷ್ಟೇ.

ಗೀತಾ ಚಿಕ್ಕಮ್ಮ: ಹಾಗಾದರೆ ಭಾವನವರ ಕಥೆ ಇರಲಿ ಅಲ್ವಾ?

ರಾಜಣ್ಣ ಮಾಮ: ವರ್ಷ, ಜಾಗ, ವ್ಯಾಪಾರ ಮೂರೂ ಇರಲಿ ಗೀತಮ್ಮ. ಹಗಲಿರುಳು, ಆಶೀರ್ವಾದ ಬೇಡ. ಅದು ದೇವರ ಮುಂದೆ.

ಸುಧಾ: ಒಂದು ನಿಮಿಷ. "ಕುಟುಂಬದವರೆಲ್ಲರ ಒಪ್ಪಿಗೆಯೂ ಇದೆ" ಅಂತ ಬರೆದಿದ್ದೀಯಲ್ಲ ಮಂಜು, ನನ್ನನ್ನು ಯಾವಾಗ ಕೇಳಿದೆ?

ಮಂಜು: ಅಕ್ಕ, ನೀನು ಬೇಡ ಅನ್ನುತ್ತೀಯಾ?

ಸುಧಾ: ಅನ್ನುವುದಿಲ್ಲ. ಆದರೆ ಕೇಳದೆ ನನ್ನ ಒಪ್ಪಿಗೆ ಬ್ಯಾಂಕಿಗೆ ಬರೆದುಕೊಡಬೇಡ. ಅಪ್ಪ ಅಂಗಡಿ ಕಟ್ಟಡದ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಇದೆ. ಅದರ ಮಾತು ಇನ್ನೂ ಆಗಿಲ್ಲ. ಅಮ್ಮನಿಗೂ ಅದರಲ್ಲಿ ಪಾಲಿದೆ.

ವಿನಯ್: ಈಗ ಅದನ್ನೆಲ್ಲಾ ತೆಗೆಯಬೇಕಾ ಅಕ್ಕ? ಅವನ ಸೀಸನ್ ಹೋಗುತ್ತದೆ.

ಸುಧಾ: ನೀನು ಬೆಂಗಳೂರಲ್ಲಿ ಕೂತು ಸುಮ್ನೆ ಮಾತಾಡಬೇಡ ವಿನಯ್.

ರಾಜಣ್ಣ ಮಾಮ: ಇಬ್ಬರೂ ಸಮಾಧಾನ. ಸುಧಾ ಹೇಳುವುದರಲ್ಲಿ ತಪ್ಪಿಲ್ಲ. ಲೈಸೆನ್ಸ್ ಹೆಸರು ಬದಲಿಸಲು ಪಾಲಿಕೆಯವರು ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಆ ಒಪ್ಪಿಗೆ ಪತ್ರದಲ್ಲಿ "ಟ್ರೇಡ್ ಲೈಸೆನ್ಸ್ ಹೆಸರು ಬದಲಾವಣೆಗೆ ಮಾತ್ರ" ಎಂದು ಬರೆಯಿರಿ. ಅಡ್ವಾನ್ಸು, ಸರಕು, ಪಾಲು ಯಾವುದೂ ಅದರೊಳಗೆ ಬರುವುದು ಬೇಡ. ಬ್ಯಾಂಕಿನ ಪತ್ರದಲ್ಲಿ "ಕುಟುಂಬದವರ ಒಪ್ಪಿಗೆ" ಅನ್ನುವ ಸಾಲು ತೆಗೆ. ಕಾಗದ ಇದ್ದರೆ ಕಾಗದ ಇಡು, ಇಲ್ಲದಿದ್ದರೆ ಸುಮ್ಮನಿರು.

ಸುಧಾ: ಹಾಗಾದರೆ ನನ್ನ ತಕರಾರಿಲ್ಲ.

ರಾಜಣ್ಣ ಮಾಮ: ಈಗ ಮೊತ್ತ. 15 ಲಕ್ಷ ಎಲ್ಲಿಂದ ಬಂತು?

ಮಂಜು: ವಿನಯ್ ಹೇಳಿದ. 15 ಕೇಳಿದರೆ 10 ಕೊಡುತ್ತಾರೆ ಅಂತ.

ರಾಜಣ್ಣ ಮಾಮ: ತರಕಾರಿ ವ್ಯಾಪಾರ ಅಲ್ಲ ಇದು. ಕಳೆದ ವರ್ಷದ ವಹಿವಾಟು ಎಷ್ಟು?

ಮಂಜು: 42 ಲಕ್ಷ. ಈ ವರ್ಷ ಎರಡು ಶಾಲೆಗಳ ಆರ್ಡರ್ ಹೊಸದಾಗಿ ಸಿಕ್ಕಿದೆ. 48 ಆಗಬಹುದು.

ರಾಜಣ್ಣ ಮಾಮ: ಸಣ್ಣ ವ್ಯಾಪಾರಕ್ಕೆ ಬ್ಯಾಂಕಿನವರು ವಹಿವಾಟಿನ ಮೇಲೆ ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷದ ಅಂದಾಜಿನ ಶೇ. 25ರಷ್ಟು ಹಣ ವ್ಯಾಪಾರದಲ್ಲಿ ಓಡಾಡಬೇಕು ಎಂದು ಹಿಡಿಯುತ್ತಾರೆ. ಆ 25ರಲ್ಲಿ 20 ಬ್ಯಾಂಕಿನದು, 5 ನಿನ್ನದು. 48 ಲಕ್ಷಕ್ಕೆ ಒಟ್ಟು 12 ಲಕ್ಷ. ಬ್ಯಾಂಕ್ 9 ಲಕ್ಷ 60 ಸಾವಿರ, ನಿನ್ನ ಕೈಯಿಂದ 2 ಲಕ್ಷ 40 ಸಾವಿರ. ಇದನ್ನೇ ತಿರುಗಿಸಿ ನೋಡು. 15 ಲಕ್ಷ ಕೇಳಿದರೆ ನೀನು 75 ಲಕ್ಷ ವಹಿವಾಟು ಮಾಡುತ್ತೇನೆ ಅಂದ ಹಾಗೆ. ನಿನ್ನ ಜಿಎಸ್‌ಟಿ ಲೆಕ್ಕ 42 ಅನ್ನುತ್ತಿದೆ. ಫೈಲು ನೋಡುವವನಿಗೆ ಆಮೇಲೆ ನಿನ್ನ ಯಾವ ಅಂಕಿಯ ಮೇಲೂ ನಂಬಿಕೆ ಬರುವುದಿಲ್ಲ.

ವಿನಯ್: ಮುದ್ರಾದಲ್ಲಿ ಈಗ 20 ಲಕ್ಷದವರೆಗೂ ಇದೆಯಲ್ಲ ಮಾಮ?

ರಾಜಣ್ಣ ಮಾಮ: ಇದೆ, ತರುಣ್ ಪ್ಲಸ್ ಅಂತ. ಆದರೆ ಅದು ಮೊದಲು ತರುಣ್ ಸಾಲ ತೆಗೆದುಕೊಂಡು ಸರಿಯಾಗಿ ತೀರಿಸಿದವರಿಗೆ. ಮಂಜುವಿಗೆ ತರುಣ್, ಅಂದರೆ 10 ಲಕ್ಷದವರೆಗೆ, ಆಸ್ತಿ ಅಡ ಇಲ್ಲದೆ. 9.60 ಅದರೊಳಗೇ ಕೂರುತ್ತದೆ.

ವಿನಯ್: ಸರಿ, ಮೊತ್ತದ ವಿಷಯ ಒಪ್ಪಿದೆ. ಲೈಸೆನ್ಸ್ ವಿಷಯದಲ್ಲಿ ನನಗಿನ್ನೂ ಅನುಮಾನವೇ.

ಮಂಜು: ಇನ್ನೊಂದು ಸಮಸ್ಯೆ ಇದೆ ಮಾಮ. ಲೈಸೆನ್ಸ್ ಅವಧಿ ಮಾರ್ಚ್ 31ಕ್ಕೆ ಮುಗಿದಿದೆ. ಹೊಸ ವರ್ಷದ ಫೀಸ್ ಕಟ್ಟಿದ್ದೇನೆ, ಪ್ರತಿ ಇನ್ನೂ ಕೈಗೆ ಬಂದಿಲ್ಲ.

ರಾಜಣ್ಣ ಮಾಮ: ಏಪ್ರಿಲ್‌ನಲ್ಲಿ ಎಲ್ಲರ ಕಥೆಯೂ ಅದೇ. ಮುಗಿದ ಲೈಸೆನ್ಸ್ ಜೊತೆಗೆ ಫೀಸ್ ಕಟ್ಟಿದ ರಸೀದಿ ಇಡು, ಪತ್ರದಲ್ಲಿ ಬರೆ. ಮೂಲ ಪ್ರತಿ ಯಾವುದನ್ನೂ ಬಿಟ್ಟು ಬರಬೇಡ. ತೋರಿಸು, ಸಹಿ ಮಾಡಿದ ಜೆರಾಕ್ಸ್ ಕೊಡು. ಪತ್ರ ಎರಡು ಪ್ರತಿ ಇರಲಿ. ಒಂದರ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಂಡೇ ಎದ್ದೇಳು.

ಗೀತಾ ಚಿಕ್ಕಮ್ಮ: ಸೀಲು ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲವೇ?

ರಾಜಣ್ಣ ಮಾಮ: ಆದರೆ ಆಗಲಿ. ಸಣ್ಣ ಉದ್ಯಮಗಳ 25 ಲಕ್ಷದವರೆಗಿನ ಅರ್ಜಿಗೆ 14 ಕೆಲಸದ ದಿನದೊಳಗೆ ತೀರ್ಮಾನ ಹೇಳಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ದಾಖಲೆಗಳು ಪೂರ್ತಿ ಇರಬೇಕು. "ನೀವು ಅದು ಕೊಟ್ಟಿಲ್ಲ, ಇದು ಕೊಟ್ಟಿಲ್ಲ" ಅಂದರೆ ಆ ಲೆಕ್ಕ ಶುರುವೇ ಆಗುವುದಿಲ್ಲ. ಏನೇನು ಕೊಟ್ಟೆ ಅಂತ ಹೆಸರು ಹೆಸರಾಗಿ ಬರೆದು ಸೀಲು ಹಾಕಿಸಿದ್ದರೆ ಆ ಮಾತು ಬರುವುದಿಲ್ಲ. ಈ ತಿಂಗಳು ರಜೆ ಜಾಸ್ತಿ, ನಾಳೆ ಕೊಟ್ಟರೂ ತಿಂಗಳ ಕೊನೆಯಾಗುತ್ತದೆ.

(ಮಧ್ಯಾಹ್ನ)

ಮಂಜು: ಪಾನಕ, ಕೋಸಂಬರಿ ಮುಗಿಸಿ ಮತ್ತೆ ಬರೆದೆ. ಟ್ರಂಕಿನಲ್ಲಿ 1996ರ ಲೈಸೆನ್ಸ್ ಸಿಕ್ಕಿತು!

"ಮಾನ್ಯರೇ,
ವಿಷಯ: 9.60 ಲಕ್ಷ ರೂ. ಕ್ಯಾಶ್ ಕ್ರೆಡಿಟ್ ಮಿತಿಗಾಗಿ ದಾಖಲೆ ಸಲ್ಲಿಕೆ.
ನಮ್ಮ ಸ್ಟೇಷನರಿ ಅಂಗಡಿ 1991ರಿಂದ ಇದೇ ವಿಳಾಸದಲ್ಲಿದೆ. 2024-25ರ ವಹಿವಾಟು 42 ಲಕ್ಷ ರೂ. ಎರಡು ಶಾಲೆಗಳ ಹೊಸ ಆರ್ಡರ್ ಸೇರಿ 2025-26ರ ಅಂದಾಜು 48 ಲಕ್ಷ ರೂ. ಆರ್ಡರ್ ಪತ್ರಗಳನ್ನು ಇಟ್ಟಿದ್ದೇನೆ.
ಟ್ರೇಡ್ ಲೈಸೆನ್ಸ್ 2023ರಲ್ಲಿ ತೀರಿಕೊಂಡ ನನ್ನ ತಂದೆಯವರ ಹೆಸರಿನಲ್ಲಿದೆ. ಅಂದಿನಿಂದ ವ್ಯಾಪಾರವನ್ನು ನಾನು ನನ್ನ ಸ್ವಂತ ಜಿಎಸ್‌ಟಿ ನೋಂದಣಿಯಲ್ಲಿ ನಡೆಸುತ್ತಿದ್ದೇನೆ. ಲೈಸೆನ್ಸನ್ನು ನನ್ನ ಹೆಸರಿಗೆ ಬದಲಿಸಲು ಪಾಲಿಕೆಗೆ ಅರ್ಜಿ ಕೊಡುತ್ತಿದ್ದು, ಅದರ ಸ್ವೀಕೃತಿಯನ್ನು ಈ ವಾರದೊಳಗೆ ತಲುಪಿಸುತ್ತೇನೆ. ಲೈಸೆನ್ಸ್ ಅವಧಿ 31-3-2025ಕ್ಕೆ ಮುಗಿದಿದೆ. 2025-26ರ ಶುಲ್ಕ ಕಟ್ಟಿದ ರಸೀದಿ ಜೊತೆಗಿದೆ.
ಲಗತ್ತು: 1996ರ ಮತ್ತು 2024-25ರ ಟ್ರೇಡ್ ಲೈಸೆನ್ಸ್, ಶುಲ್ಕದ ರಸೀದಿ, ಮರಣ ಪ್ರಮಾಣಪತ್ರ, ಜಿಎಸ್‌ಟಿ ನೋಂದಣಿ ಮತ್ತು ರಿಟರ್ನ್, ಉದ್ಯಮ್ ನೋಂದಣಿ, ಬಾಡಿಗೆ ಕರಾರು, ಪ್ಯಾನ್, ಆಧಾರ್, ಆದಾಯ ತೆರಿಗೆ ರಿಟರ್ನ್, 12 ತಿಂಗಳ ಚಾಲ್ತಿ ಖಾತೆ ವಿವರ, ಶಾಲೆಗಳ ಆರ್ಡರ್ ಪತ್ರ."

ರಾಜಣ್ಣ ಮಾಮ: ಇದು ಪತ್ರ. ಒಂದೇ ತಿದ್ದುಪಡಿ. "ಅರ್ಜಿ ಕೊಡುತ್ತಿದ್ದು" ಬೇಡ. ನಾಳೆ ಮೊದಲು ಪಾಲಿಕೆಯ ಆರೋಗ್ಯ ಶಾಖೆಗೆ ಹೋಗು, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡು ಬ್ಯಾಂಕಿಗೆ ಮಂಗಳವಾರ ಹೋಗು. ಆಗ "ಕೊಟ್ಟಿದ್ದೇನೆ, ಸ್ವೀಕೃತಿ ಇಟ್ಟಿದ್ದೇನೆ" ಅಂತ ಬರೆಯಬಹುದು. ಒಂದು ದಿನ ಹೋದರೆ ಹೋಗಲಿ.

ವಿನಯ್: ಒಂದು ದಿನ ಅಂತ ಪಾಲಿಕೆಗೆ ಹೇಳಿ ಮಾಮ 😂

ಮಂಜು: ಅಕ್ಕ, ಒಪ್ಪಿಗೆ ಪತ್ರಕ್ಕೆ ನಿನ್ನ ಸಹಿ ನಾಳೆ ಬೆಳಿಗ್ಗೆಯೇ ಬೇಕಾಗುತ್ತದೆ.

ಸುಧಾ: ಅಮ್ಮನ ಸಹಿ ಮೊದಲು ಹಾಕಿಸು. ನಾನು ಹತ್ತು ಗಂಟೆಗೆ ಆಫೀಸಿಗೆ ಹೋಗುವ ಮೊದಲು ಬರುತ್ತೇನೆ. "ಲೈಸೆನ್ಸ್‌ಗೆ ಮಾತ್ರ" ಅನ್ನುವ ಸಾಲು ಇರಬೇಕು. ಅಡ್ವಾನ್ಸ್ ವಿಷಯ ಜೂನ್ ಕಳೆದ ಮೇಲೆ ಕೂತು ಮಾತಾಡೋಣ, ಗುಂಪಿನಲ್ಲಿ ಅಲ್ಲ.

ಮಂಜು: ಆಯಿತು ಅಕ್ಕ.